ಹಾಳೆಯ ಮೇಲಿದ್ದ ಕವನ ಮೈಕಿನ ತನಕ

ಬಾಗಲಕೋಟೆಯ ನವನಗರದಲ್ಲಿ ಮೊನ್ನೆ ನಡೆದ ಒಂದು ಕವಿಗೋಷ್ಠಿಯಲ್ಲಿ ನನ್ನದೊಂದು ಕವನ ಓದಿ ಬಂದೆ. ಓದಿದ್ದು ಮೂರು ನಿಮಿಷಕ್ಕಿಂತ ಕಡಿಮೆ. ತಯಾರಿಗೆ ಒಂದು ಮಳೆಗಾಲವೇ ಹಿಡಿಯಿತು. ಕವನ ಬರೆಯುವುದು ಬೇರೆ, ಬರೆದ ಕವನವನ್ನು ಕಿವಿಗೆ ಸಿದ್ಧ ಮಾಡುವುದು ಬೇರೆ. ಈ ಎರಡನೆಯದರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ವೇದಿಕೆ ಹತ್ತುವವರಿಗೆ ಉಪಯೋಗ ಆಗಬಹುದು ಅಂತ ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡುತ್ತೇನೆ. ಸಂಘಟಕರು ಕೇಳಿದ್ದು ಇಷ್ಟು: ಕವನದ ಎರಡು ಪ್ರತಿ, ಸ್ವಂತ ರಚನೆ ಮತ್ತು ಎಲ್ಲೂ ಪ್ರಕಟವಾಗಿಲ್ಲ ಎಂಬ ಒಂದು ಸಾಲಿನ ಪತ್ರ, ಅರ್ಧ ಪುಟದ ಪರಿಚಯ, ಒಂದು ಫೋಟೊ. ನಾನು ನುಡಿಯಲ್ಲಿ ಟೈಪ್ ಮಾಡಿಸಿದ ಫೈಲನ್ನೇ ಕಳಿಸಿದ್ದೆ. ಅವರ ಫೋನಿನಲ್ಲಿ ಅದು ಓದಲಾಗದ ಚಿಹ್ನೆಗಳಾಗಿ ತೆರೆದುಕೊಂಡಿತು. ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿಸಿ ಪಿಡಿಎಫ್ ಮಾಡಿ ಕಳಿಸಿದ ಮೇಲೆ ಸರಿಯಾಯಿತು. ಆಮೇಲೆ ಕಾಯುವ ಕೆಲಸ. ವಾರಗಟ್ಟಲೆ ಸುದ್ದಿ ಇಲ್ಲ. ಕೇಳಿದರೆ "ಆಯ್ಕೆ ನಡದೈತ್ರಿ" ಎನ್ನುವ ಉತ್ತರ. ಕೊನೆಗೆ ಒಂದು ಸಂಜೆ ವಾಟ್ಸಾಪಿನಲ್ಲಿ ಆಹ್ವಾನ ಪತ್ರಿಕೆ ಬಂತು. ಹದಿನಾರು ಕವಿಗಳ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಕೆಳಗೆ ಒಂದು ಸೂಚನೆ: ಪ್ರತಿ ಕವಿಗೆ ಐದು ನಿಮಿಷ, ವಾಚನ ಮಾತ್ರ, ಗಾಯನಕ್ಕೆ ಅವಕಾಶವಿಲ್ಲ.

ಕವನದ ಹೆಸರು '519.60'. ನಮ್ಮ ಊರಿನವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಜಲಾಶಯ ತುಂಬಿದಾಗ ನೀರು ನಿಲ್ಲುವ ಮಟ್ಟ ಅದು, ಸಮುದ್ರಮಟ್ಟದಿಂದ ಮೀಟರಿನಲ್ಲಿ. ಆ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರದ ಸೆಕ್ಟರುಗಳಿಗೆ ಬಂದರು. ನನ್ನ ಕವನದಲ್ಲಿ ಒಂದು ಮನೆಯ ಗೋಡೆ ಇದೆ. ಅದರ ಮೇಲೆ ಸರ್ವೆಯವರು ಬರೆದುಹೋದ ಕೆಂಪು ಅಂಕಿ ಇದೆ. ಆ ಅಂಕಿಯ ಕೆಳಗೆ ಕೂತು ಅವ್ವ ರೊಟ್ಟಿ ಬಡಿಯುತ್ತಾಳೆ.

ಓದಿ ತೋರಿಸಲು ನಾನು ಹೋದದ್ದು ನಮ್ಮ ಹಳೆಯ ಓಣಿಯ ಒಬ್ಬ ನಿವೃತ್ತ ಮಾಸ್ತರರ ಮನೆಗೆ. ಹರೆಯದಲ್ಲಿ ಅವರು ಗೀಗೀ ಮೇಳದಲ್ಲಿ ಹಿಂದೆ ನಿಂತು ಸೊಲ್ಲು ಹಿಡಿಯುತ್ತಿದ್ದವರು. ಕವನದ ಹಾಳೆಯನ್ನು ಅವರ ಕೈಗೆ ಕೊಡಹೋದೆ. ತೆಗೆದುಕೊಳ್ಳಲಿಲ್ಲ.

"ಹಾಳಿ ನಿನ್ನ ಕೈಯಾಗ ಇರಲಿ ತಂಗಿ. ಕೇಳಾವ್ರ ಕೈಯಾಗ ಹಾಳಿ ಇರೂದಿಲ್ಲ. ನೀ ಓದು, ನಾ ಕೇಳತೀನಿ."

ಹಾಳೆಯ ಮೇಲೆ ನನ್ನ ಮೊದಲ ಪದ್ಯ ಹೀಗಿತ್ತು:

ಗೋಡೆಯ ಮೇಲೆ ಕೆಂಪಾಗಿ ಬರೆದುಹೋದ
ಅಂಕಿಯ ಕೆಳಗೆ ಕುಳಿತು ರೊಟ್ಟಿ ಬಡಿಯುತ್ತಿದ್ದ
ಅವ್ವನ ಬೆನ್ನಿಗೆ ತಾಗುತ್ತಿದ್ದ ಬಿಸಿಲಿನ
ಬಣ್ಣ ನನಗಿನ್ನೂ ನೆನಪಿದೆ

ಓದಿ ಮುಗಿಸಿದೆ. ಮಾಸ್ತರರು ಕೇಳಿದರು: "ಏನ ನೆನಪೈತಿ ಅಂದಿ? ಅವ್ವನೋ, ಬಿಸಲೋ?"

"ಬಣ್ಣ ರೀ, ಬಿಸಿಲಿನ ಬಣ್ಣ."

"ಹಂಗಾರ ಅಂಕಿ ಎಲ್ಲಿ ಹೋತು?"

ಅವರು ಕೇಳಿದ್ದು ಸರಿಯಾಗಿತ್ತು. ನಮ್ಮ ಕನ್ನಡದ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಬರುವುದು ಕೊನೆಗೆ. 'ಬರೆದುಹೋದ', 'ಬಡಿಯುತ್ತಿದ್ದ', 'ತಾಗುತ್ತಿದ್ದ' ಎಂದು ವಿಶೇಷಣಗಳನ್ನು ಪೋಣಿಸುತ್ತ ಹೋದರೆ ಕೇಳುವವನು ಅವನ್ನೆಲ್ಲ ತಲೆಯಲ್ಲಿ ಹಿಡಿದುಕೊಂಡು ಕಾಯಬೇಕು. ಅಂಕಿ ಬಂತು, ಅದೇ ಮುಖ್ಯ ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಅವ್ವ ಬರುತ್ತಾಳೆ, ಅಂಕಿ ಬಿಟ್ಟುಹೋಗುತ್ತದೆ. ಅವ್ವನನ್ನು ಹಿಡಿದುಕೊಂಡರೆ ಬಿಸಿಲು, ಬಿಸಿಲು ಹಿಡಿದರೆ ಬಣ್ಣ. ಓದುವವನಿಗೆ ಇದು ಕಷ್ಟವಲ್ಲ, ಅವನ ಕಣ್ಣು ಹಿಂದಕ್ಕೆ ಹೋಗಿ ಬರುತ್ತದೆ. ಕಿವಿಗೆ ಆ ಸವಲತ್ತು ಇಲ್ಲ.

ಆ ಪದ್ಯವನ್ನು ಒಡೆದು ಕಟ್ಟಲು ಜಾಸ್ತಿ ದಿನ ಹಿಡಿಯಿತು. ಕೊನೆಗೆ ಉಳಿದದ್ದು ಇದು:

ಗೋಡೆಯ ಮೇಲೆ ಅಂಕಿ.
ಕೆಂಪು ಅಂಕಿ.
ಅಂಕಿಯ ಕೆಳಗೆ ಅವ್ವ.
ಅವ್ವನ ಮುಂದೆ ಪರಾತ, ಪರಾತದಲ್ಲಿ ಹಿಟ್ಟು.
ಅವ್ವನ ಬೆನ್ನಿಗೆ ಬಿಸಿಲು.

ಇದರಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡದಲ್ಲಿ ಅದು ನಡೆಯುತ್ತದೆ. ಒಂದು ಸಾಲು ಮುಗಿದ ಮಾತಿನಿಂದಲೇ ಮುಂದಿನದು ಶುರುವಾಗುತ್ತದೆ: ಅಂಕಿ, ಅಂಕಿಯ. ಅವ್ವ, ಅವ್ವನ. ಕೇಳುವವನ ಕೈಗೆ ಒಂದೊಂದೇ ವಸ್ತು ಸಿಗುತ್ತದೆ, ಅದನ್ನು ಅವನು ಎಲ್ಲಿಡಬೇಕು ಅನ್ನುವುದೂ ಗೊತ್ತಾಗುತ್ತದೆ. ಹಾಳೆಯ ಮೇಲೆ ನೋಡಿದರೆ ಸ್ವಲ್ಪ ಬಡವಾಗಿ ಕಾಣುತ್ತದೆ, ಒಪ್ಪುತ್ತೇನೆ. 'ಬಿಸಿಲಿನ ಬಣ್ಣ' ಬಿಡುವಾಗ ಹೊಟ್ಟೆ ಉರಿಯಿತು. ಆದರೆ ಎರಡನೇ ಸಲ ಓದಿದಾಗ ಮಾಸ್ತರರ ಹೆಂಡತಿ ಅಡುಗೆಮನೆಯಿಂದಲೇ "ನಮ್ಮ ಅತ್ತಿನೂ ಹಂಗ ಕುಂಡರತಿದ್ಲು" ಅಂದರು. ಒಲೆಯ ಮುಂದೆ ಕೆಲಸ ಮಾಡುತ್ತ ಅರ್ಧ ಕಿವಿಗೊಟ್ಟವರಿಗೂ ಚಿತ್ರ ಸಿಕ್ಕಿತ್ತು. ನಿಮ್ಮ ಕವನ ಪರೀಕ್ಷೆ ಮಾಡಬೇಕೆಂದರೆ ಕೆಲಸದಲ್ಲಿರುವವರ ಎದುರು ಓದಿ. ಸುಮ್ಮನೆ ಕೂತು ಕೇಳುವವರು ಮರ್ಯಾದೆಗೆ ತಲೆಯಾಡಿಸುತ್ತಾರೆ.

ಇನ್ನೊಂದು ಸಾಲನ್ನು ಪೂರ್ತಿ ಕೈಬಿಟ್ಟೆ. 'ಮುಳುಗಿದ್ದು ಬಾವಿ, ಮುಳುಗಿದ್ದು ಭಾವಿ' ಎಂದು ಬರೆದು ನಾನೇ ಬೀಗಿದ್ದೆ. ಮಾಸ್ತರರು ನಗುತ್ತ ಕೇಳಿದರು: "ಎರಡೆರಡು ಬಾವಿ ಇದ್ದುವೇನು ನಿಮ್ಮ ಮನ್ಯಾಗ?" ನಮ್ಮ ಕಡೆ ಬಾಯಿಮಾತಿನಲ್ಲಿ ಬ, ಭ ಒಂದೇ ಆಗಿ ಕೇಳುತ್ತವೆ. ಮೈಕಿನಲ್ಲಿ ಭಕಾರವನ್ನು ಒತ್ತಿ ಹೇಳಿದರೆ ಸ್ಪೀಕರಿನಿಂದ 'ಭಫ್' ಎಂದು ಗಾಳಿ ಹೊಡೆದ ಸದ್ದು ಬರುತ್ತದೆ, ಅಷ್ಟೆ. ಮಹಾಪ್ರಾಣದ ಮೇಲೆ ನಿಂತ ಚಮತ್ಕಾರ ಕಣ್ಣಿಗೆ ಮಾತ್ರ ಕಾಣುವಂಥದ್ದು. ಆವರಣ ಚಿಹ್ನೆ, ಉದ್ಧರಣ ಚಿಹ್ನೆ, ಸಾಲನ್ನು ಅರ್ಧಕ್ಕೆ ಮುರಿದು ಕೆಳಗೆ ಇಳಿಸುವುದು, ಇವೂ ಅಷ್ಟೇ.

ತಲೆಬರಹದ ಅಂಕಿಯದೂ ಇದೇ ಕಥೆ. ಹಾಳೆಯ ಮೇಲೆ 519.60 ಒಂದೇ ನೋಟಕ್ಕೆ ಸಿಗುತ್ತದೆ. ಬಾಯಲ್ಲಿ ಅದು 'ಐನೂರಾ ಹತ್ತೊಂಬತ್ತು ಪಾಯಿಂಟ್ ಆರು ಸೊನ್ನೆ'. ಕವನದ ಒಳಗೆ ಇದು ಮೂರು ಕಡೆ ಬರುತ್ತಿತ್ತು, ಮೂರು ಕಡೆಯೂ ಓಟ ನಿಂತುಹೋಗುತ್ತಿತ್ತು. ಕೊನೆಗೆ ಒಂದೇ ಸಲ, ಶುರುವಿನಲ್ಲಿ, ಗೋಡೆಯ ಮೇಲಿನ ಬರಹವನ್ನು ಮಗು ಓದಿದ ಹಾಗೆ ಒಂದೊಂದೇ ಅಂಕಿಯಾಗಿ ಹೇಳುವುದೆಂದು ನಿರ್ಧರಿಸಿದೆ: "ಐದು. ಒಂದು. ಒಂಬತ್ತು." ಪಾಯಿಂಟ್ ಅರವತ್ತನ್ನು ಬಿಟ್ಟೆ. ಆಮೇಲೆ ಎಲ್ಲ ಕಡೆ ಬರೀ 'ಆ ಅಂಕಿ'.

ಇನ್ನು ನಿಲುಗಡೆಯ ವಿಷಯ. ಎಲ್ಲಿ ನಿಲ್ಲಬೇಕು ಅನ್ನುವುದು ಭಾವನೆಗೆ ಬಿಟ್ಟ ವಿಚಾರ ಅಂದುಕೊಂಡಿದ್ದೆ. ಅದು ಹೆಚ್ಚಾಗಿ ಸಂಧಿಯ ವಿಚಾರ.

ನನ್ನ ಕವನದ ನಡುವೆ ಒಂದು ಸಾಲಿದೆ: 'ಮನೆಯೊಳಗೀಗ ನೀರಿದೆ, ಮನೆಯಿಲ್ಲ'. ಇಡೀ ಕವನ ನಿಂತಿರುವುದೇ ಈ 'ಇಲ್ಲ'ದ ಮೇಲೆ. ಅದರ ಮುಂದೆ ಒಂದು ಕ್ಷಣ ನಿಲ್ಲಬೇಕು ಅನಿಸುತ್ತಿತ್ತು. ನಿಂತು ನೋಡಿದರೆ ಬಾಯಿಂದ ಬರುತ್ತಿದ್ದದ್ದು 'ಮನೆ... ಯಿಲ್ಲ'. ಕೇಳಲು ಕೆಟ್ಟದಾಗಿತ್ತು. ಎರಡು ಪದ ಅಂಟಿಕೊಳ್ಳಲಿ ಅಂತ ನಡುವೆ ಬಂದು ಕೂತ ಯಕಾರ ಅದು. ಅಂಟನ್ನು ಹಾಗೇ ಇಟ್ಟುಕೊಂಡು ನಡುವೆ ಬಿರುಕು ಮಾಡಲು ಹೋದರೆ ಹೀಗೇ ಆಗುವುದು. ನಿಲ್ಲಬೇಕಾದರೆ ಮೊದಲು ಸಂಧಿ ಬಿಡಿಸಬೇಕು: 'ಮನೆ // ಇಲ್ಲ'. ಹಾಗೆಯೇ 'ನೀರಿದೆ' ಎಂದು ಲೋಪ ಮಾಡಿ ಹೇಳಿದರೆ ಸಾಲು ಓಡುತ್ತದೆ, 'ನೀರು ಇದೆ' ಎಂದು ಬಿಡಿಸಿದರೆ ನೀರಿನ ಮೇಲೆ ಭಾರ ಬೀಳುತ್ತದೆ.

ಅಲ್ಲಿಂದ ಮುಂದೆ ನನ್ನ ಕೆಲಸ ಸುಲಭವಾಯಿತು. ಕವನ ಪೂರ್ತಿ ಪೆನ್ಸಿಲ್ ಹಿಡಿದು ಕೂತೆ. ಓಡಬೇಕಾದ ಕಡೆ ಸಂಧಿಯನ್ನು ಹಾಗೇ ಬಿಟ್ಟೆ, ನಿಲ್ಲಬೇಕಾದ ಕಡೆ ಬಿಡಿಸಿ ಬರೆದೆ. ಆ ಸಾಲು ಓದುವ ಪ್ರತಿಯಲ್ಲಿ ಹೀಗಾಯಿತು:

ಮನೆಯೊಳಗೀಗ / ನೀರಿದೆ. //
ಮನೆ // ಇಲ್ಲ.

ಒಂದು ಗೀಟು ಅಂದರೆ ಅರೆಕ್ಷಣ, ಅಲ್ಪವಿರಾಮದಷ್ಟು. ಎರಡು ಗೀಟು ಅಂದರೆ ಉಸಿರು ತೆಗೆದುಕೊಳ್ಳುವಷ್ಟು. ಇದಕ್ಕಿಂತ ಜಾಸ್ತಿ ಗುರುತು ಬೇಡ. ಅಡಿಗೆರೆ, ಬಾಣ, ಬಣ್ಣ ಎಲ್ಲ ಹಾಕಿದರೆ ವೇದಿಕೆಯ ಮೇಲೆ ಹಾಳೆ ಓದುವುದೇ ಒಂದು ಪರೀಕ್ಷೆಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಿಮ್ಮ ಕವನ ಮಾತ್ರೆಯ ಲೆಕ್ಕದಲ್ಲಿ ನಡೆಯುತ್ತಿದ್ದರೆ ಸಂಧಿ ಬಿಡಿಸಿದಾಗ ಒಂದು ಮಾತ್ರೆ ಹೆಚ್ಚಾಗಬಹುದು. 'ನೀರಿದೆ' ನಾಲ್ಕು ಮಾತ್ರೆ, 'ನೀರು ಇದೆ' ಐದು. ನಡೆ ತಪ್ಪಿದ್ದು ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಛಂದಸ್ಸಿನ ಸಾಲಿನಲ್ಲಿ ನಿಲುಗಡೆಯನ್ನು ಗಣ ಮುಗಿಯುವಲ್ಲಿಗೆ ಸರಿಸುವುದೇ ವಾಸಿ.

ನನ್ನ ಕವನದಲ್ಲಿ ಹಾಗೆ ಲೆಕ್ಕದಲ್ಲಿ ನಡೆಯುವುದು ಒಂದು ಪಲ್ಲವಿ ಮಾತ್ರ. ಮೊದಲು ಪಲ್ಲವಿ ಇರಲೇ ಇಲ್ಲ. ಈ ಎರಡು ಸಾಲು ಎಲ್ಲೋ ಮೂರನೇ ಪದ್ಯದಲ್ಲಿ ಒಂದು ಸಲ ಬಂದು ಹೋಗುತ್ತಿದ್ದವು:

ನೀರು ಬಂತು, ನೀರು ಬಂತು,
ನಾವು ಎತ್ತ ಹೋಗಬೇಕು

ಮಾಸ್ತರರು ಇದನ್ನು ಹಿಡಿದುಕೊಂಡರು. ಗೀಗೀ ಪದದಲ್ಲಿ ಮುಂದಿನವರು ಒಂದು ನುಡಿ ಹೇಳಿದ ಮೇಲೆ ಹಿಂದಿನವರು ಸೊಲ್ಲು ಎತ್ತುತ್ತಾರಲ್ಲ, ಅದು ಬರೀ ರಾಗಕ್ಕಲ್ಲವಂತೆ. ಆ ಹೊತ್ತಿನಲ್ಲಿ ಮುಂದಿನವರು ಉಸಿರು ತೆಗೆದುಕೊಳ್ಳುತ್ತಾರೆ, ಮುಂದಿನ ನುಡಿ ನೆನಪು ಮಾಡಿಕೊಳ್ಳುತ್ತಾರೆ. ಕೂತವರು ಆಗಷ್ಟೇ ಕೇಳಿದ್ದನ್ನು ಜೀರ್ಣ ಮಾಡಿಕೊಳ್ಳುತ್ತಾರೆ. "ಹೊಸಾ ಮಾತು ಹೇಳಿದ ಮ್ಯಾಲ ಹಳೇ ಮಾತು ಒಂದ ಸಲ ಹೇಳಬೇಕವಾ" ಎಂದರು. ಅದರಂತೆ ಪಲ್ಲವಿಯನ್ನು ಮೂರು ಕಡೆ ಇಟ್ಟೆ, ಪ್ರತಿ ಸಲ ಭಾರವಾದ ಪದ್ಯ ಮುಗಿದ ಮೇಲೆ.

ಅದರಿಂದ ಹೊಸ ತೊಂದರೆ ಶುರುವಾಯಿತು. ನೀರು, ಬಂತು, ನಾವು, ಎತ್ತ, ಎಲ್ಲವೂ ಮೂರು ಮೂರು ಮಾತ್ರೆ. ಮೂರು ಮಾತ್ರೆಯ ನಡೆ ಎಂಥವರನ್ನೂ ಹಾಡಿಗೆ ಎಳೆಯುತ್ತದೆ. ಹೋಳಿಯ ಹಲಗಿ ಕೇಳಿ ಬೆಳೆದ ಬಾಗಲಕೋಟೆಯವರಿಗಂತೂ ಕಾಲೇ ಕುಣಿಯುತ್ತದೆ. "ಹಾಡಾಕತ್ತಿ ನೀ, ಓದು" ಅಂತ ಪದೇ ಪದೇ ಬೈಸಿಕೊಂಡೆ. ಗಾಯನಕ್ಕೆ ಅವಕಾಶವಿಲ್ಲ ಎಂಬ ಸೂಚನೆ ಬೇರೆ ಇತ್ತು. ಪರಿಹಾರ ಸಿಕ್ಕಿದ್ದು ಮೂರು ಸಲವೂ ಬೇರೆ ಬೇರೆ ಥರ ಹೇಳುವುದರಲ್ಲಿ. ಮೊದಲ ಸಲ ಲಯಕ್ಕೆ ಬಿಟ್ಟುಕೊಟ್ಟೆ, ಜನಕ್ಕೆ ಅದು ಕಿವಿಯಲ್ಲಿ ಕೂರಬೇಕಲ್ಲ. ಎರಡನೇ ಸಲ ಪಕ್ಕದ ಮನೆಯವರಿಗೆ ಸುದ್ದಿ ಹೇಳಿದ ಹಾಗೆ, ಲಯ ಮುರಿದು, ಮಾತಿನ ಧಾಟಿಯಲ್ಲಿ. ಮೂರನೇ ಸಲ ಕೊನೆಯ ಪದ ಹೇಳದೆ ನಿಲ್ಲಿಸಿದೆ: 'ನಾವು ಎತ್ತ...' ಅಷ್ಟೇ. ಎರಡು ಸಲ ಪೂರ್ತಿ ಕೇಳಿದವರ ಬಾಯಲ್ಲಿ 'ಹೋಗಬೇಕು' ತಾನಾಗಿ ಬರಬೇಕು. ಬರುತ್ತದೋ ಇಲ್ಲವೋ ಅಂತ ಕೊನೆಯ ದಿನದವರೆಗೂ ಅಳುಕು ಇತ್ತು.

ರೆಕಾರ್ಡ್ ಮಾಡಿ ಕೇಳುವುದು ಎಲ್ಲರೂ ಹೇಳುವ ಮಾತು. ನಾನು ಅದರಲ್ಲಿ ನೋಡಿದ್ದು ನಿಲುಗಡೆಗಳನ್ನು. ಫೋನಿನ ರೆಕಾರ್ಡರಿನಲ್ಲಿ ಮಾತಾಡಿದಾಗ ಗೆರೆ ಮೇಲೆ ಕೆಳಗೆ ಕುಣಿಯುತ್ತದೆ, ಸುಮ್ಮನಿದ್ದಾಗ ಮಲಗುತ್ತದೆ. ಆ ಮಲಗಿದ ಗೆರೆಯ ಉದ್ದವೇ ನಿಲುಗಡೆಯ ಉದ್ದ. 'ಮನೆ // ಇಲ್ಲ' ನಡುವೆ ನಾನು ಎರಡು ಸೆಕೆಂಡ್ ನಿಂತೆ ಅಂದುಕೊಂಡಿದ್ದೆ. ಗೆರೆ ನೋಡಿದರೆ ಮುಕ್ಕಾಲು ಸೆಕೆಂಡ್ ಕೂಡ ಇರಲಿಲ್ಲ. ಒಬ್ಬರೇ ಕೋಣೆಯಲ್ಲಿ ಓದುವಾಗಲೇ ಹೀಗಾದರೆ ಜನರ ಎದುರು ಎದೆ ಹೊಡೆದುಕೊಳ್ಳುವಾಗ ನಿಲುಗಡೆ ಪೂರ್ತಿ ಮಾಯವಾಗುತ್ತದೆ. ಒಂದು, ಎರಡು ಎಂದು ಮನಸ್ಸಿನಲ್ಲಿ ಎಣಿಸಿದೆ, ಎಣಿಕೆಯೇ ಓಡಿತು. ಕೊನೆಗೆ ಉಪಯೋಗಕ್ಕೆ ಬಂದದ್ದು ಉಸಿರು. ಎರಡು ಗೀಟು ಇದ್ದಲ್ಲಿ ಬಾಯಿ ಮುಚ್ಚಿ, ಮೂಗಿನಿಂದ ಒಂದು ಉಸಿರು ಪೂರ್ತಿ ಒಳಗೆ ಎಳೆದುಕೊಳ್ಳುವುದು. ಅದನ್ನು ಅವಸರದಲ್ಲಿ ಮಾಡಲು ಆಗುವುದಿಲ್ಲ. ಗೆರೆ ನೋಡಿದೆ, ಸುಮಾರು ಒಂದೂವರೆ ಸೆಕೆಂಡ್. ಸಾಕು.

ನಿಲ್ಲುವಾಗ ಇನ್ನೆರಡು ಸಂಗತಿ ನೆನಪಿರಲಿ. ಕಣ್ಣು ಹಾಳೆಯ ಮೇಲಿದ್ದರೆ ಸಾಲು ತಪ್ಪಿಹೋಯಿತೇನೋ ಅಂತ ಜನ ಅಂದುಕೊಳ್ಳುತ್ತಾರೆ. ಕಣ್ಣು ಜನರ ಮೇಲಿದ್ದರೆ ಬೇಕಂತಲೇ ನಿಂತಿದ್ದೀರಿ ಅಂತ ಗೊತ್ತಾಗುತ್ತದೆ. ಅಂದರೆ ನಿಲುಗಡೆಯ ಹಿಂದಿನ ಪದ ಮತ್ತು ಮುಂದಿನ ಪದ ಎರಡೂ ಬಾಯಿಪಾಠ ಇರಬೇಕು. ಪೂರ್ತಿ ಕವನ ಬಾಯಿಪಾಠ ಇಲ್ಲದಿದ್ದರೂ ನಡೆಯುತ್ತದೆ, ಈ ಕೀಲುಗಳು ಇರಲೇಬೇಕು. ಇನ್ನೊಂದು ದನಿಯ ಇಳಿತ. ನಾವು ವಾಕ್ಯ ಮುಗಿಸುವಾಗ ದನಿ ತಾನಾಗಿ ಕೆಳಗೆ ಬೀಳುತ್ತದೆ. ನಡುವಿನ ನಿಲುಗಡೆಯಲ್ಲೂ ಹಾಗೆ ಬಿದ್ದರೆ ಕವನ ಮುಗಿಯಿತು ಅಂತ ಚಪ್ಪಾಳೆ ಶುರುವಾಗುತ್ತದೆ. 'ಮನೆ' ಎನ್ನುವಾಗ ದನಿಯನ್ನು ಮಟ್ಟಸವಾಗಿ ಹಿಡಿದೆ, 'ಇಲ್ಲ'ಕ್ಕೆ ಕೆಳಗಿಳಿಸಿದೆ.

ಓದುವ ಪ್ರತಿಯ ಖರ್ಚು ದೊಡ್ಡದೇನಲ್ಲ, ಝೆರಾಕ್ಸ್ ಅಂಗಡಿಯಲ್ಲಿ ಮೂವತ್ತು ರೂಪಾಯಿಯೊಳಗೆ ಮುಗಿಯಿತು. ಅಕ್ಷರ 18ರ ಗಾತ್ರ, ಸಾಲುಗಳ ನಡುವೆ ಎರಡು ಸಾಲಿನ ಜಾಗ. ಯಾವ ಪದ್ಯವೂ ಒಂದು ಹಾಳೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯದಂತೆ ನೋಡಿಕೊಂಡೆ. ಹಾಳೆ ತಿರುವುವುದು ಒಂದು ಪದ್ಯ ಮುಗಿದು ಇನ್ನೊಂದು ಶುರುವಾಗುವ ನಡುವಿನ ನಿಲುಗಡೆಯಲ್ಲೇ ಆಗಬೇಕು. ಪಿನ್ ಹೊಡೆಯಬೇಡಿ, ಮೈಕಿನ ಮುಂದೆ ಹಾಳೆ ಮಗುಚಿದ ಸದ್ದು ಪಟಾಕಿಯ ಹಾಗೆ ಕೇಳುತ್ತದೆ. ಬಿಡಿ ಹಾಳೆ ಇದ್ದರೆ ಮೆಲ್ಲಗೆ ಪಕ್ಕಕ್ಕೆ ಸರಿಸಬಹುದು.

ಹಿಂದಿನ ದಿನ ಸಂಜೆ ಸಭಾಂಗಣ ನೋಡಿ ಬಂದೆ. ಕಾವಲುಗಾರರು ಮೊದಲು ಒಳಗೆ ಬಿಡಲಿಲ್ಲ. ಆಹ್ವಾನ ಪತ್ರಿಕೆ ತೋರಿಸಿದ ಮೇಲೆ "ಐದ ನಿಮಿಷ ರೀ ಅಕ್ಕಾರ" ಅಂತ ಬಾಗಿಲು ತೆರೆದರು. ಖಾಲಿ ಸಭಾಂಗಣದಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿದೆ. ಸದ್ದು ಕೂಡಲೇ ಸಾಯಲಿಲ್ಲ, ಸ್ವಲ್ಪ ಹೊತ್ತು ಎಳೆದುಕೊಂಡು ಹೋಯಿತು. ವಿಜಾಪುರದ ಗೋಳಗುಮ್ಮಟದಲ್ಲಿ ಕೂಗಿ ನೋಡಿದವರಿಗೆ ಇದು ಗೊತ್ತಿರುತ್ತದೆ: ಹಿಂದಿನ ಮಾತು ಗೋಡೆಗೆ ಬಡಿದು ವಾಪಸ್ ಬರುವಷ್ಟರಲ್ಲಿ ಮುಂದಿನ ಮಾತಾಡಿದರೆ ಎರಡೂ ಕಲಸಿಹೋಗುತ್ತವೆ. ಇಲ್ಲಿ ಅಷ್ಟೆಲ್ಲ ಇರಲಿಲ್ಲ. ಜನ ತುಂಬಿದರೆ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರಿಕೊಂಡು ಇನ್ನೂ ಕಡಿಮೆಯಾಗುತ್ತದೆ. ಆದರೂ ಒತ್ತಕ್ಷರಗಳು ತೊಂದರೆ ಕೊಡುತ್ತವೆ ಅನಿಸಿತು. 'ಹಿಟ್ಟು', 'ಎತ್ತ' ಇಂಥ ಕಡೆ ಒತ್ತಿನ ಮೇಲೆ ನಾಲಿಗೆ ಒಂದು ಕ್ಷಣ ನಿಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಪದ ಮುಟ್ಟುವುದಿಲ್ಲ. ರಾತ್ರಿ ಮನೆಯಲ್ಲಿ ಮತ್ತೊಮ್ಮೆ ಓದಿ ಸಮಯ ನೋಡಿದೆ. ನಿಲುಗಡೆ ಇಲ್ಲದೆ ಸರಸರ ಓದಿದಾಗ ಎರಡೂಕಾಲು ನಿಮಿಷದ ಕವನ ಈಗ ನಾಲ್ಕು ನಿಮಿಷದ ಹತ್ತಿರ ಬಂದಿತ್ತು. ಐದು ನಿಮಿಷದ ಒಳಗೇ ಇದೆ ಅಂತ ನೆಮ್ಮದಿಯಿಂದ ಮಲಗಿದೆ.

ಮರುದಿನ ಉದ್ಘಾಟನೆಯ ಭಾಷಣಗಳು ಮುಗಿಯುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಹನ್ನೊಂದೂವರೆಗೆ ಇದ್ದ ಕವಿಗೋಷ್ಠಿ ಶುರುವಾದದ್ದು ಮೂರರ ಮೇಲೆ. ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ ಉಂಡ ಜನ ಅರ್ಧ ನಿದ್ದೆಯಲ್ಲಿದ್ದರು. ನಾನು ಹುಗ್ಗಿ ಮುಟ್ಟಲಿಲ್ಲ, ಸಿಹಿ ತಿಂದರೆ ಗಂಟಲು ಅಂಟುತ್ತದೆ. ಮೊಸರನ್ನೂ ಬಿಟ್ಟೆ. ಬಿಸಿನೀರಿನ ಬಾಟಲಿ ಮನೆಯಿಂದಲೇ ತಂದಿದ್ದೆ. ಕಾಯುವಾಗ ಅತಿ ಹೆಚ್ಚು ಕಾಡಿದ್ದು ಹೊಟ್ಟೆಯೊಳಗಿನ ನಡುಕ. ನನ್ನ ಹೆಸರು ಆರನೆಯದಾಗಿತ್ತು, ಹೊರಗಿನಿಂದ ಬಂದವರಿಗೆ ಬಸ್ಸಿದೆ ಅಂತ ಹನ್ನೆರಡನೆಯದಕ್ಕೆ ಹೋಯಿತು.

ನಾಲ್ಕನೇ ಕವಿ ಓದುತ್ತಿದ್ದಾಗ ಒಂದು ಚೀಟಿ ಕೈಯಿಂದ ಕೈಗೆ ಬಂತು: 'ದಯವಿಟ್ಟು ಪ್ರತಿಯೊಬ್ಬರೂ ಮೂರು ನಿಮಿಷದಲ್ಲಿ ಮುಗಿಸಬೇಕು.'

ಇಂಥದ್ದು ಆಗಬಹುದು ಅಂತ ಮಾಸ್ತರರು ಮೊದಲೇ ಎಚ್ಚರಿಸಿದ್ದರು. ಅದಕ್ಕೇ ನನ್ನ ಪ್ರತಿಯಲ್ಲಿ ಎರಡು ಪದ್ಯಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಚೌಕ ಹಾಕಿ, ಓದಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಬರೆದಿಟ್ಟುಕೊಂಡಿದ್ದೆ. ಒಂದು ಪರಿಹಾರದ ಹಣ ಎಣಿಸುವ ಪದ್ಯ, 35 ಸೆಕೆಂಡ್. ಇನ್ನೊಂದು ಲಾರಿಯಲ್ಲಿ ಸಾಮಾನು ಹೇರುವ ಪದ್ಯ, 30 ಸೆಕೆಂಡ್. ಎರಡನ್ನೂ ಬಿಟ್ಟರೆ ನಾಲ್ಕು ನಿಮಿಷದ ಕವನ ಮೂರರೊಳಗೆ ಬರುತ್ತದೆ. ಯಾವುದನ್ನು ಬಿಡಬಹುದು ಅನ್ನುವುದಕ್ಕೆ ನಾನು ಇಟ್ಟುಕೊಂಡ ಅಳತೆ ಸರಳ: ಆ ಪದ್ಯದಲ್ಲಿ ಮೊದಲ ಸಲ ಬಂದ ವಸ್ತು ಮುಂದೆ ಎಲ್ಲಾದರೂ ಮತ್ತೆ ಬರುತ್ತದಾ? ಗೋಡೆ, ಅಂಕಿ, ಅವ್ವ ಮತ್ತೆ ಬರುತ್ತವೆ, ಅವು ಉಳಿಯಬೇಕು. ಹಣ, ಲಾರಿ ಬರುವುದಿಲ್ಲ. ಪಲ್ಲವಿಯನ್ನು ಮುಟ್ಟಲಿಲ್ಲ. ಮೂರು ಸಲ ಬರದಿದ್ದರೆ ಕೊನೆಯ 'ನಾವು ಎತ್ತ' ಕೆಲಸ ಮಾಡುವುದಿಲ್ಲ. ಕುರ್ಚಿಯಲ್ಲಿ ಕೂತೇ ಎರಡು ಪದ್ಯಗಳ ಮೇಲೆ ಅಡ್ಡಗೆರೆ ಎಳೆದೆ.

ನನ್ನ ಮುಂದೆ ಓದಿದ ಕೆಲವರು ಪದ್ಯ ಬಿಡಲು ಮನಸ್ಸಿಲ್ಲದೆ ವೇಗ ಹೆಚ್ಚಿಸಿದರು. ಐದು ನಿಮಿಷದ್ದನ್ನು ಮೂರಕ್ಕೆ ಹಿಂಡಿದರೆ ಮೊದಲು ಹೋಗುವುದು ನಿಲುಗಡೆ, ಆಮೇಲೆ ಪದದ ಕೊನೆಯ ಅಕ್ಷರಗಳು. ಕನ್ನಡದಲ್ಲಿ ವಿಭಕ್ತಿ, ಕಾಲ, ಯಾರು ಮಾಡಿದರು ಅನ್ನುವುದೆಲ್ಲ ಪದದ ಬಾಲದಲ್ಲೇ ಇರುತ್ತದೆ. ಬಾಲ ನುಂಗಿದರೆ ಉಳಿಯುವುದು ಗುನುಗು. ಒಬ್ಬರ ಕವನ ತುಂಬ ಚೆನ್ನಾಗಿತ್ತು ಅಂತ ಆಮೇಲೆ ಹಾಳೆ ಇಸಿದುಕೊಂಡು ಓದಿದಾಗ ಗೊತ್ತಾಯಿತು, ಕೇಳುವಾಗ ಏನೂ ಸಿಕ್ಕಿರಲಿಲ್ಲ.

ನನ್ನ ಸರದಿ ಬಂತು. ಹಿಂದಿನವರು ಆರಡಿ ಎತ್ತರ, ಮೈಕು ನನ್ನ ಹಣೆಗೆ ಬರುತ್ತಿತ್ತು. ಸಂಕೋಚ ಬಿಟ್ಟು ಮೈಕಿನ ಹುಡುಗನನ್ನು ಕರೆದು ಇಳಿಸಿಕೊಂಡೆ. ಬಾಯಿಂದ ಒಂದು ಗೇಣು ದೂರ, ನೇರಕ್ಕಲ್ಲ, ಗದ್ದದ ಸ್ವಲ್ಪ ಪಕ್ಕಕ್ಕೆ. 'ಪರಾತ'ದ ಪಕಾರ, 'ಬಂತು'ವಿನ ಬಕಾರ ಗಾಳಿ ಹೊಡೆಯದಿರಲಿ ಅಂತ. ವೇದಿಕೆಯ ಮೇಲಿನವರ ಹೆಸರು ಹೇಳಿ ವಂದಿಸುವುದರಲ್ಲೇ ಅರ್ಧ ನಿಮಿಷ ಹೋಗುತ್ತದೆ. "ಎಲ್ಲರಿಗೂ ಶರಣು" ಅಂದು ಮುಗಿಸಿದೆ. ಹೊರಗಿನವರೂ ಇದ್ದದ್ದರಿಂದ ಒಂದೇ ವಾಕ್ಯದಲ್ಲಿ ಅಂಕಿ ಏನು ಅಂತ ಹೇಳಿದೆ. ಒಂದು ಉಸಿರು ನಿಂತೆ. "ಐದು. ಒಂದು. ಒಂಬತ್ತು."

ಮುಂದಿನ ಸಾಲಿನಲ್ಲಿ ಫೋನ್ ನೋಡುತ್ತಿದ್ದ ಒಬ್ಬ ಹಿರಿಯರು ತಲೆ ಎತ್ತಿದರು.

ಮೊದಲ ಪದ್ಯ ಓದುವಾಗ ದನಿ ನಡುಗಿತು. ಸಾಲುಗಳು ಚಿಕ್ಕವಿದ್ದದ್ದರಿಂದ ಉಸಿರು ಸಾಲದೆ ಹೋಗಲಿಲ್ಲ. ಎರಡನೇ ಪಲ್ಲವಿಯ ಹೊತ್ತಿಗೆ ಸಭಾಂಗಣದ ಗುಜುಗುಜು ನಿಂತಿತ್ತು, ಫ್ಯಾನಿನ ಸದ್ದು ಕೇಳುತ್ತಿತ್ತು. 'ಮನೆ' ಅಂದು ಬಾಯಿ ಮುಚ್ಚಿ ಮೂಗಿನಿಂದ ಉಸಿರು ಎಳೆದುಕೊಂಡೆ. ಆ ಒಂದೂವರೆ ಸೆಕೆಂಡ್ ವೇದಿಕೆಯ ಮೇಲೆ ಬಹಳ ಉದ್ದ. ಓಡಿಹೋಗಬೇಕು ಅನಿಸುತ್ತದೆ. 'ಇಲ್ಲ' ಅಂದಾಗ ಹೆಂಗಸರ ಕಡೆಯಿಂದ ಯಾರೋ "ಹೌದವಾ" ಅಂದರು.

ಕೊನೆಯ ಪದ್ಯ ಹೀಗಿದೆ:

ಗೋಡೆ ಇಲ್ಲ. ಅಂಕಿ ಇದೆ.
ಇನ್ನೊಂದು ಅಂಕಿ ಬರುತ್ತದಂತೆ.

ಮಟ್ಟವನ್ನು 524.256ಕ್ಕೆ ಏರಿಸುವ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಆ ಅಂಕಿ ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ. ಆಮೇಲೆ 'ನೀರು ಬಂತು, ನೀರು ಬಂತು, ನಾವು ಎತ್ತ...' ಅಂದು ದನಿ ಇಳಿಸದೆ ನಿಲ್ಲಿಸಿದೆ. ಒಂದು ಕ್ಷಣ ಏನೂ ಇಲ್ಲ. ಎದೆ ಧಸಕ್ ಅಂತು. ಹಿಂದಿನ ಸಾಲುಗಳಿಂದ ಇಬ್ಬರೋ ಮೂವರೋ "ಹೋಗಬೇಕು" ಅಂದರು, ಒಬ್ಬರು ಹಾಡಿಯೇಬಿಟ್ಟರು. ಗಾಯನಕ್ಕೆ ಅವಕಾಶವಿಲ್ಲ ಎಂಬ ಸೂಚನೆ ಅವರಿಗೆ ಇರಲಿಲ್ಲವಲ್ಲ. ನಾನು ಹಾಳೆ ಸರಿಸಿ ಕೈ ಮುಗಿದೆ. ಸಮಯ ಬರೆದುಕೊಳ್ಳುತ್ತಿದ್ದವರು ಆಮೇಲೆ ಎರಡು ನಿಮಿಷ ಐವತ್ತು ಸೆಕೆಂಡ್ ಅಂತ ಹೇಳಿದರು.

ಗೌರವಧನ ಇರಲಿಲ್ಲ. ಪ್ರಮಾಣಪತ್ರ, ಒಂದು ಪುಸ್ತಕ, ಶಾಲು ಕೊಟ್ಟರು. ಅಧ್ಯಕ್ಷತೆ ವಹಿಸಿದವರು ಕೊನೆಗೆ ಒಂದೊಂದು ಕವನದ ಬಗ್ಗೆ ಒಂದೊಂದು ಮಾತಾಡಿದರು. ನನ್ನದಕ್ಕೆ "ಇದರಲ್ಲಿ ಕ್ರಿಯಾಪದ ಕಡಿಮೆ" ಅಂದರು. ಹೊಗಳಿದ್ದೋ ತೆಗಳಿದ್ದೋ ಗೊತ್ತಾಗಲಿಲ್ಲ.

ಈಗ ಸಂಘಟಕರು ಸಂಕಲನ ತರುತ್ತಿದ್ದಾರೆ, ಕವನದ ಅಂತಿಮ ಪ್ರತಿ ಕೇಳಿದ್ದಾರೆ. ಪುಸ್ತಕಕ್ಕೆ ಕೊಡುವಾಗ ಗೀಟುಗಳನ್ನೆಲ್ಲ ತೆಗೆದೆ. ಬಿಡಿಸಿದ ಸಂಧಿಗಳನ್ನು ಮತ್ತೆ ಕೂಡಿಸಿದೆ. ಹಣದ ಪದ್ಯ, ಲಾರಿಯ ಪದ್ಯ ವಾಪಸ್ ಬಂದವು, ತಲೆಬರಹಕ್ಕೆ ಪಾಯಿಂಟ್ ಅರವತ್ತೂ ಬಂತು, ಬಾವಿಯ ಪಕ್ಕ ಭಾವಿಯೂ ಬಂದು ಕೂತಿತು. ಮೊದಲ ಪದ್ಯವನ್ನು ಮಾತ್ರ ವೇದಿಕೆಯಲ್ಲಿ ಓದಿದ ಹಾಗೇ ಬಿಟ್ಟಿದ್ದೇನೆ.